ಹಂದರ ಮೊದಲು, ಚುಕ್ಕೆ ಆಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಅರಬಿ ಅಕ್ಷರದ ಪರಿಚಯವೇ ಇಲ್ಲದವರೂ ಈ ಹದಿನೈದು ನಿಮಿಷ ನನ್ನ ಜೊತೆ ಬರಬಹುದು. ಒಂದೇ ಒಂದು ಆಕಾರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಸಾಕು. ಬಲದಿಂದ ಎಡಕ್ಕೆ ಒಂದು ಗೆರೆ ಎಳೆಯಿರಿ. ಆ ಗೆರೆಯ ಮೇಲೆ ಗರಗಸದ ಹಲ್ಲಿನಂಥ ಒಂದು ಪುಟ್ಟ ಹಲ್ಲು ಎದ್ದು ನಿಂತಿದೆ. ಹಲ್ಲಿನ ಕೆಳಗೆ ಒಂದು ಚುಕ್ಕೆ ಇಟ್ಟರೆ ಅದು 'ಬ'. ಮೇಲೆ ಒಂದು ಇಟ್ಟರೆ 'ನ'. ಮೇಲೆ ಎರಡಾದರೆ 'ತ', ಮೂರಾದರೆ 'ಥ'. ಕೆಳಗೆ ಎರಡಾದರೆ 'ಯ'. ಹಲ್ಲು ಒಂದೇ, ಅಕ್ಷರ ಐದು. ಈಗ ಚುಕ್ಕೆಗಳನ್ನೆಲ್ಲ ಅಳಿಸಿಬಿಡಿ. ಉಳಿದ ಬರಿಯ ಗೆರೆಯನ್ನು ಅರಬಿಯಲ್ಲಿ 'ರಸ್ಮ್' ಎನ್ನುತ್ತಾರೆ. ನಾನು ಅದನ್ನು ಹಂದರ ಎಂದು ಕರೆಯುತ್ತೇನೆ. ಚಪ್ಪರದ ಹಂದರದ ಹಾಗೆ ಅದು ಆಕಾರ ಕೊಡುತ್ತದೆ, ಬಳ್ಳಿ ಆಮೇಲೆ ಹಬ್ಬುತ್ತದೆ. ಕುರ್‌ಆನ್ ಗ್ರಂಥರೂಪ ತಾಳಿದ ಚರಿತ್ರೆಯಲ್ಲಿ ನೆನಪಿಡಬೇಕಾದ ಮಾತು ಇದೊಂದೇ: ಮೂರನೆಯ ಖಲೀಫ ಉಸ್ಮಾನರು ಗಟ್ಟಿ ಮಾಡಿದ್ದು ಹಂದರವನ್ನು. ಚುಕ್ಕೆ ಮತ್ತು ಸ್ವರಚಿಹ್ನೆ ಒಂದು ಕ್ರಮಕ್ಕೆ ಬಂದದ್ದು ಆಮೇಲೆ.

ಶುರುವಿನಿಂದ ಬರೋಣ. ಪ್ರವಾದಿ ಮುಹಮ್ಮದರು ಕ್ರಿ.ಶ. 632ರಲ್ಲಿ ತೀರಿಕೊಂಡರು. ಸುಮಾರು 23 ವರ್ಷಗಳ ಕಾಲ ಬಿಡಿಬಿಡಿಯಾಗಿ ಬಂದ ವಚನಗಳು ಆಗ ಎರಡು ಕಡೆ ಇದ್ದವು. ಒಂದು, ಬಾಯಿಪಾಠ ಮಾಡಿದವರ ನೆನಪಿನಲ್ಲಿ. ಇನ್ನೊಂದು, ಖರ್ಜೂರದ ಗರಿಯ ದಂಟು, ಚಪ್ಪಟೆ ಬಿಳಿಗಲ್ಲು, ಒಂಟೆಯ ಹೆಗಲೆಲುಬು, ಚರ್ಮದ ತುಂಡು, ಹೀಗೆ ಕೈಗೆ ಸಿಕ್ಕಿದ್ದರ ಮೇಲೆ ಬರೆದ ಬರಹದಲ್ಲಿ. ಮರುವರ್ಷ ಯಮಾಮ ಎಂಬಲ್ಲಿ ಯುದ್ಧ ನಡೆದು, ಬಾಯಿಪಾಠ ಬಲ್ಲವರು ಬಹಳ ಮಂದಿ ಮಡಿದರು. ಇನ್ನೂ ಒಂದೆರಡು ಯುದ್ಧವಾದರೆ ಗತಿಯೇನು ಎಂದು ಉಮರ್ ಅವರು ಖಲೀಫ ಅಬೂಬಕ್ಕರರನ್ನು ಕೇಳಿದರು. ಕೆಲಸ ಬಂದದ್ದು ಮದೀನಾದ ತರುಣ ಲಿಪಿಕಾರ ಝೈದ್ ಇಬ್ನ್ ಸಾಬಿತ್ ಅವರ ಹೆಗಲಿಗೆ. ಬೆಟ್ಟವೊಂದನ್ನು ಎತ್ತಿಡು ಎಂದಿದ್ದರೂ ನನಗೆ ಇಷ್ಟು ಭಾರವಾಗುತ್ತಿರಲಿಲ್ಲ ಎಂದರು ಅವರು. ಆದರೂ ಬರಹ ಮತ್ತು ನೆನಪು ಎರಡನ್ನೂ ಹುಡುಕಿ ಹಾಳೆಗಳ ಒಂದು ಕಟ್ಟು ಮಾಡಿದರು. ಆ ಕಟ್ಟು ಅಬೂಬಕ್ಕರರ ಬಳಿ ಇತ್ತು, ಅವರ ನಂತರ ಉಮರರ ಬಳಿಗೆ ಬಂತು, ಆಮೇಲೆ ಉಮರರ ಮಗಳು, ಪ್ರವಾದಿಯವರ ಪತ್ನಿ ಹಫ್ಸಾ ಅವರ ಮನೆ ಸೇರಿತು. ಅದನ್ನು ಊರೂರಿಗೆ ಹಂಚಿರಲಿಲ್ಲ. ಮನೆಯಲ್ಲಿ ಜೋಪಾನವಾಗಿದ್ದ ಪ್ರತಿ ಅದು, ಅಷ್ಟೆ.

ತೊಡಕು ಎದ್ದದ್ದು ಉಸ್ಮಾನರ ಕಾಲದಲ್ಲಿ. ಅರ್ಮೇನಿಯಾ ಮತ್ತು ಅಜರ್‌ಬೈಜಾನ್ ಕಡೆಯ ದಂಡಿನಲ್ಲಿ ಸಿರಿಯಾದವರೂ ಇರಾಕಿನವರೂ ಒಟ್ಟಿಗೆ ಇದ್ದರು. ಇವರ ಓದು ಅವರಿಗೆ ತಪ್ಪು, ಅವರ ಓದು ಇವರಿಗೆ ತಪ್ಪು. ದಂಡಿನಲ್ಲಿದ್ದ ಹುಝೈಫಾ ಗಾಬರಿಯಿಂದ ಮದೀನಾಕ್ಕೆ ಬಂದು, ಈ ಜನ ಗ್ರಂಥದ ವಿಷಯದಲ್ಲಿ ಒಡೆದು ಹೋಗುವ ಮೊದಲು ಏನಾದರೂ ಮಾಡಿ ಎಂದರು. ಉಸ್ಮಾನರು ಹಫ್ಸಾ ಅವರ ಮನೆಯಿಂದ ಆ ಕಟ್ಟನ್ನು ತರಿಸಿಕೊಂಡರು. ನಕಲು ಮಾಡಲು ನಾಲ್ವರನ್ನು ಕೂರಿಸಿದರು: ಮದೀನಾದ ಝೈದ್, ಜೊತೆಗೆ ಮಕ್ಕಾದ ಕುರೈಶ್ ಕುಲದ ಮೂವರು. ನಿಮಗೂ ಝೈದರಿಗೂ ಭಿನ್ನಾಭಿಪ್ರಾಯ ಬಂದರೆ ಕುರೈಶರ ಮಾತಿನಂತೆ ಬರೆಯಿರಿ ಎಂದು ಕುರೈಶರಿಗೆ ಹೇಳಿದರು.

ಭಿನ್ನಾಭಿಪ್ರಾಯ ಬಂದದ್ದು ಎಂಥದಕ್ಕೆ ಗೊತ್ತೆ? ಎರಡನೆಯ ಅಧ್ಯಾಯದ 248ನೆಯ ವಚನದಲ್ಲಿ ಪೆಟ್ಟಿಗೆ ಎಂಬರ್ಥದ ಒಂದು ಪದವಿದೆ. ಝೈದ್ 'ತಾಬೂಹ್' ಎಂದರು, ಕುರೈಶರು 'ತಾಬೂತ್' ಎಂದರು. ವಿಷಯ ಖಲೀಫರವರೆಗೆ ಹೋಯಿತು. 'ತಾಬೂತ್' ಎಂದೇ ಬರೆಯಿರಿ ಎಂದು ತೀರ್ಪಾಯಿತು. ಪದದ ಕೊನೆಯಲ್ಲಿ 'ತ' ಇರಬೇಕೋ 'ಹ' ಇರಬೇಕೋ ಎಂಬುದಕ್ಕೆ ಇಷ್ಟು ಚರ್ಚೆ. ಈ 'ತ' ಮತ್ತು 'ಹ' ಜೋಡಿಯನ್ನು ಮರೆಯಬೇಡಿ, ಇನ್ನೈದು ನಿಮಿಷದಲ್ಲಿ ಮತ್ತೆ ಬರುತ್ತದೆ.

ಸಿದ್ಧವಾದ ಪ್ರತಿಗಳನ್ನು ಕೂಫಾ, ಬಸ್ರಾ, ದಮಾಸ್ಕಸ್ ಮೊದಲಾದ ಪಟ್ಟಣಗಳಿಗೆ ಕಳಿಸಿದರು. ಒಂದು ಮದೀನಾದಲ್ಲೇ ಉಳಿಯಿತು. ಉಳಿದ ಬರಹಗಳನ್ನು ಸುಡಿಸಿದರು. ಉಸ್ಮಾನರು ಕುರ್‌ಆನ್ ಬರೆದರು ಎಂದು ಈಗಲೂ ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ. ಅವರು ಗಟ್ಟಿ ಮಾಡಿದ್ದು ಹಂದರವನ್ನು.

ಆ ಪ್ರತಿಗಳ ನಡುವೆಯೂ ಅಲ್ಲಲ್ಲಿ ವ್ಯತ್ಯಾಸವಿತ್ತು. ಹಳೆಯ ವಿದ್ವಾಂಸರು ಅವನ್ನು ಪಟ್ಟಿ ಮಾಡಿಟ್ಟಿದ್ದಾರೆ, ನಲವತ್ತರ ಆಸುಪಾಸು. ಹೆಚ್ಚಿನವು ಒಂದೊಂದು ಅಕ್ಷರದವು. ಮೂರನೆಯ ಅಧ್ಯಾಯದ 133ನೆಯ ವಚನ ಕೂಫಾದ ಪ್ರತಿಯಲ್ಲಿ 'ಮತ್ತು' ಎಂಬರ್ಥದ 'ವ' ಅಕ್ಷರದಿಂದ ಶುರುವಾಗುತ್ತದೆ. ಮದೀನಾ ಮತ್ತು ದಮಾಸ್ಕಸ್ ಪ್ರತಿಗಳಲ್ಲಿ ಆ 'ವ' ಇಲ್ಲ. ಅರ್ಥ ಕೆಡುವುದಿಲ್ಲ, ಆದರೆ ಒಂದು ಹಳೆಯ ಚರ್ಮದ ಹಾಳೆ ಯಾವ ಪಟ್ಟಣದ ಪ್ರತಿಯ ಸಂತತಿ ಎಂದು ಗುರುತಿಸಲು ವಿದ್ವಾಂಸರು ಇಂಥ ಜಾಗಗಳನ್ನೇ ನೋಡುತ್ತಾರೆ.

ಈಗ ಚುಕ್ಕೆಗೆ ಬರೋಣ. ಆ ಕಾಲದವರಿಗೆ ಚುಕ್ಕೆಯೇ ಗೊತ್ತಿರಲಿಲ್ಲ ಎಂಬುದು ತಪ್ಪು. ಈಜಿಪ್ಟಿನಲ್ಲಿ ಸಿಕ್ಕಿದ, ಈಗ ವಿಯೆನ್ನಾದಲ್ಲಿರುವ ಒಂದು ಪಪೈರಸ್ ಚೀಟಿ ಇದೆ. ಅರಬ್ ದಂಡಿಗೆ 65 ಕುರಿ ಕೊಟ್ಟದ್ದಕ್ಕೆ ಬರೆದ ರಸೀದಿ. ಹಿಜರಿ 22, ಅಂದರೆ 643ರದ್ದು, ಉಸ್ಮಾನರು ಖಲೀಫರಾಗುವುದಕ್ಕೂ ಮೊದಲಿನದು. ಅದರಲ್ಲಿ ಕೆಲವು ಅಕ್ಷರಗಳಿಗೆ ಚುಕ್ಕೆ ಇದೆ. ಅಂದರೆ ಚುಕ್ಕೆ ಗೊತ್ತಿತ್ತು, ಎಲ್ಲ ಕಡೆ ಇಡುವ ರೂಢಿ ಇರಲಿಲ್ಲ. ಅತಿ ಹಳೆಯ ಕುರ್‌ಆನ್ ಹಾಳೆಗಳಲ್ಲೂ ಹೀಗೇ: ಒಂದು ಸಾಲಿನಲ್ಲಿ ಎರಡು ಮೂರು ಅಕ್ಷರಕ್ಕೆ ಚುಕ್ಕೆ, ಮುಂದಿನ ಸಾಲಿನಲ್ಲಿ ಒಂದೂ ಇಲ್ಲ. ಬಾಯಿಗೆ ಬರುತ್ತಿದ್ದವರಿಗೆ ಹಂದರ ಸಾಕಾಗುತ್ತಿತ್ತು. ಹಳಗನ್ನಡದ ಶಾಸನಗಳಲ್ಲಿ ಎಕಾರ ಏಕಾರಗಳಿಗೆ ಬೇರೆ ಬೇರೆ ಗುರುತಿರಲಿಲ್ಲ, ಆದರೂ ಭಾಷೆ ಬಲ್ಲವರು ಎಡವದೆ ಓದುತ್ತಿದ್ದರು. ಹಾಗೆಯೇ ಇದು.

ಆದರೆ ಕೆಲವೆಡೆ ಹಂದರ ಎರಡು ಓದಿಗೂ ಎಡೆ ಕೊಡುತ್ತದೆ. 49ನೆಯ ಅಧ್ಯಾಯದ ಆರನೆಯ ವಚನ, ನಂಬಲಾಗದವನು ಸುದ್ದಿ ತಂದರೆ ಪರೀಕ್ಷಿಸಿ ಎನ್ನುತ್ತದೆ. ಅಲ್ಲಿ ನಾಲ್ಕು ಹಲ್ಲುಗಳು ಸಾಲಾಗಿ ನಿಂತಿವೆ. ಅವನ್ನು ತ, ಬ, ಯ, ನ ಎಂದು ಓದಿದರೆ 'ತಬಯ್ಯನೂ', ಸ್ಪಷ್ಟಪಡಿಸಿಕೊಳ್ಳಿ. ತ, ಥ, ಬ, ತ ಎಂದು ಓದಿದರೆ 'ತಥಬ್ಬತೂ', ದುಡುಕದೆ ಖಚಿತ ಮಾಡಿಕೊಳ್ಳಿ. ಎರಡೂ ಗುರುಪರಂಪರೆಯಿಂದ ಬಂದ ಮಾನ್ಯ ಓದುಗಳೇ. ಹಲ್ಲುಗಳನ್ನು ಯಾರೂ ಮುಟ್ಟಿಲ್ಲ. ಬದಲಾದದ್ದು ಚುಕ್ಕೆ.

ಸರಿ, ಆ 'ತ' ಮತ್ತು 'ಹ' ಜೋಡಿ. ಕೃಪೆ ಎಂಬರ್ಥದ 'ನಿಅ್‌ಮತ್' ಪದದ ಕೊನೆಯ ಅಕ್ಷರವನ್ನು ದೋಣಿಯಾಕಾರದ 'ತ'ದಿಂದಲೂ ಬರೆಯಬಹುದು, ದುಂಡನೆಯ 'ಹ'ದಿಂದಲೂ ಬರೆಯಬಹುದು. ಮುಂದಿನ ಪದಕ್ಕೆ ಸೇರಿಸಿ ಓದುವಾಗ ಉಚ್ಚಾರ ಎರಡಕ್ಕೂ ಒಂದೇ. 14ನೆಯ ಅಧ್ಯಾಯದ 34ನೆಯ ವಚನದಲ್ಲಿ 'ಅಲ್ಲಾಹನ ಕೃಪೆಗಳನ್ನು ಎಣಿಸಹೊರಟರೆ ಎಣಿಸಿ ಮುಗಿಸಲಾರಿರಿ' ಎಂಬ ವಾಕ್ಯವಿದೆ. 16ರ 18ರಲ್ಲೂ ಅದೇ ವಾಕ್ಯ, ಪದಕ್ಕೆ ಪದ. ಆದರೆ ಮೊದಲನೆಯದರಲ್ಲಿ ದೋಣಿಯ 'ತ', ಎರಡನೆಯದರಲ್ಲಿ ದುಂಡನೆಯ 'ಹ'. ಮನೆಯಲ್ಲಿ ಮುಸ್‌ಹಫ್, ಅಂದರೆ ಕುರ್‌ಆನ್ ಗ್ರಂಥದ ಪ್ರತಿ, ಇರುವವರು ಈ ಎರಡು ಜಾಗ ತೆರೆದು ನೋಡಬಹುದು. ಲೈಡನ್‌ನ ಭಾಷಾವಿದ್ವಾಂಸ ಮರೈನ್ ಫಾನ್ ಪುಟ್ಟೆನ್ ಅತಿ ಹಳೆಯ ಹಸ್ತಪ್ರತಿಗಳಲ್ಲಿ ಈ ಪದವನ್ನು ಒಂದೊಂದು ಕಡೆಯೂ ಹುಡುಕಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. 'ತ' ಇರಬೇಕಾದಲ್ಲಿ 'ತ', 'ಹ' ಇರಬೇಕಾದಲ್ಲಿ 'ಹ', ಬೇರೆ ಬೇರೆ ಕೈಯ ಬರಹಗಳಲ್ಲೂ ಒಂದೇ ಹಂಚಿಕೆ. ಇದರ ಅರ್ಥವೇನು? ಕೇಳಿ ಬರೆದುಕೊಂಡಿದ್ದರೆ ಹೀಗಾಗಲು ಸಾಧ್ಯವೇ ಇಲ್ಲ, ಏಕೆಂದರೆ ಈ ವ್ಯತ್ಯಾಸ ಕಿವಿಗೆ ಕೇಳಿಸುವುದಿಲ್ಲ. ನೋಡಿ ನಕಲು ಮಾಡಿದರೆ ಮಾತ್ರ ಉಳಿಯುತ್ತದೆ. ಈ ಪ್ರತಿಗಳೆಲ್ಲ ಒಂದೇ ಲಿಖಿತ ಮಾತೃಕೆಯಿಂದ ಇಳಿದು ಬಂದವು. ತಾಳೆಗರಿ ಪ್ರತಿಗಳನ್ನು ಹೋಲಿಸಿ ಪಾಠ ನಿರ್ಣಯ ಮಾಡುವ ನಮ್ಮ ಗ್ರಂಥಸಂಪಾದಕರು ಬಳಸುವ ತರ್ಕವೂ ಇದೇ.

ಇನ್ನು ಸ್ವರಚಿಹ್ನೆ. ಇದಕ್ಕೆ ಪರಂಪರೆಯಲ್ಲಿ ಒಂದು ಪ್ರಸಂಗವಿದೆ, ಅದನ್ನು ಪೂರ್ತಿ ಹೇಳಲೇಬೇಕು. ಬಸ್ರಾದಲ್ಲಿ ಅಬುಲ್ ಅಸ್ವದ್ ಎಂಬ ವ್ಯಾಕರಣ ಪಂಡಿತರಿದ್ದರು. ಅರಬಿ ಮನೆಮಾತಲ್ಲದವರು ತಪ್ಪು ಓದುತ್ತಿದ್ದಾರೆ, ಏನಾದರೂ ಗುರುತು ಮಾಡಿಕೊಡಿ ಎಂದು ರಾಜ್ಯಪಾಲ ಝಿಯಾದ್ ಕೇಳಿದಾಗ ಪಂಡಿತರು ಒಪ್ಪಲಿಲ್ಲ. ಝಿಯಾದ್ ಒಬ್ಬನನ್ನು ಅವರು ಹೋಗುವ ದಾರಿಯಲ್ಲಿ ಕೂರಿಸಿ, ಬೇಕೆಂದೇ ತಪ್ಪಾಗಿ ಓದು ಎಂದ. ಒಂಬತ್ತನೆಯ ಅಧ್ಯಾಯದ ಮೂರನೆಯ ವಚನ: ಅಲ್ಲಾಹನಿಗೆ ಬಹುದೇವಾರಾಧಕರ ಹೊಣೆಯಿಲ್ಲ, ಅವನ ಸಂದೇಶವಾಹಕನಿಗೂ ಇಲ್ಲ. ಅಲ್ಲಿರುವುದು 'ರಸೂಲುಹೂ'. ಆತ ಓದಿದ್ದು 'ರಸೂಲಿಹೀ'. ಒಂದು ಉಕಾರ ಇಕಾರವಾದದ್ದೇ ತಡ, ಅಲ್ಲಾಹನು ತನ್ನ ಸಂದೇಶವಾಹಕನನ್ನೇ ಕೈಬಿಟ್ಟ ಎಂದಾಯಿತು. ಅಬುಲ್ ಅಸ್ವದ್ ನಡುಗಿಹೋದರು. ನೇರ ಝಿಯಾದನ ಬಳಿ ಹಿಂತಿರುಗಿ, ಬರಹಗಾರರನ್ನು ಕಳಿಸಿ ಎಂದರು. ಮೂವತ್ತು ಜನ ಬಂದರು. ಅವರಲ್ಲಿ ಒಬ್ಬನನ್ನು ಆರಿಸಿ ಎದುರು ಕೂರಿಸಿಕೊಂಡು ಹೇಳಿದರು: ಬರಹದ ಮಸಿಯ ಬಣ್ಣ ಬಿಟ್ಟು ಬೇರೆ ಬಣ್ಣ ತೆಗೆದುಕೋ. ನಾನು ತುಟಿ ತೆರೆದರೆ ಅಕ್ಷರದ ಮೇಲೆ ಒಂದು ಚುಕ್ಕೆ ಇಡು. ತುಟಿ ಕೂಡಿಸಿದರೆ ಅಕ್ಷರದ ಮುಂದೆ ಇಡು. ಕೆಳಕ್ಕೆ ಎಳೆದರೆ ಕೆಳಗೆ ಇಡು. ಕೊನೆಯಲ್ಲಿ ಮೂಗಿನ ದನಿ ಬಂದರೆ ಎರಡು ಚುಕ್ಕೆ. ಪಂಡಿತರು ನಿಧಾನವಾಗಿ ಓದುತ್ತಾ ಹೋದರು, ಆತ ಅವರ ತುಟಿ ನೋಡುತ್ತಾ ಚುಕ್ಕೆ ಇಡುತ್ತಾ ಹೋದ.

ಹಳೆಯ ಹಾಳೆಗಳ ಚಿತ್ರ ನೋಡುವಾಗ ಇದನ್ನು ಗಮನಿಸಿ. ಬರಹದ್ದೇ ಮಸಿಯಲ್ಲಿರುವ ಸಣ್ಣ ಗೀಟುಗಳು ವ್ಯಂಜನದ ಗುರುತು, ಬ ಯಾವುದು ನ ಯಾವುದು ಎಂದು ಹೇಳುವಂಥವು. ದುಂಡನೆಯ ಕೆಂಪು ಚುಕ್ಕೆಗಳು ಸ್ವರದವು, ಅನೇಕ ಸಲ ಮೂಲ ಬರಹದ ಎಷ್ಟೋ ಕಾಲದ ನಂತರ ಇಟ್ಟವು. ಕೆಂಪು ಚುಕ್ಕೆ ನೋಡಿ ಹಂದರದ ವಯಸ್ಸು ಹೇಳಬೇಡಿ.

ನನಗಿರುವ ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ವ್ಯಂಜನದ ಚುಕ್ಕೆಗಳನ್ನು ಕ್ರಮಕ್ಕೆ ತಂದ ಕೀರ್ತಿಯನ್ನು ಪರಂಪರೆ ಇರಾಕಿನ ರಾಜ್ಯಪಾಲ ಹಜ್ಜಾಜನ ಕಾಲದ ನಸ್ರ್ ಮತ್ತು ಯಹ್ಯಾ ಎಂಬ ಪಂಡಿತರಿಗೆ ಕೊಡುತ್ತದೆ. ಎರಡು ಬಣ್ಣದ ಮಸಿಯ ರಗಳೆ ತಪ್ಪಿಸಿದವರು ಎಂಟನೆಯ ಶತಮಾನದ ಖಲೀಲ್. ಚುಕ್ಕೆಯ ಬದಲು ಪುಟ್ಟ ಅಕ್ಷರಗಳನ್ನೇ ಬಳಸಿದರು. ನಮ್ಮ ಕಡೆಯ ಮದ್ರಸಾ ಮಕ್ಕಳು ಝಬರ್, ಝೇರ್, ಪೇಶ್ ಎಂದು ಕಲಿಯುತ್ತಾರಲ್ಲ, ಅದರಲ್ಲಿ ಅಕಾರದ ಗುರುತಾದ ಝಬರ್ ಎಂದರೆ ಓರೆಯಾಗಿ ಮಲಗಿಸಿದ ಅಲಿಫ್ ಅಕ್ಷರ, ಉಕಾರದ ಗುರುತಾದ ಪೇಶ್ ಎಂದರೆ ತೀರ ಚಿಕ್ಕದಾದ ವಾವ್, ಅಂದರೆ 'ವ' ಅಕ್ಷರ. ಇನ್ನು ಮೊರಾಕ್ಕೊ ಕಡೆಯ ಮುಸ್‌ಹಫ್ ಎಂದಾದರೂ ಕೈಗೆ ಸಿಕ್ಕರೆ ಬೆಚ್ಚಬೇಡಿ: ನಮ್ಮಲ್ಲಿ 'ಕಾಫ್' ಅಕ್ಷರಕ್ಕೆ ಮೇಲೆ ಎರಡು ಚುಕ್ಕೆ, ಅಲ್ಲಿ ಮೇಲೆ ಒಂದೇ. ನಮ್ಮಲ್ಲಿ 'ಫ' ಅಕ್ಷರಕ್ಕೆ ಮೇಲೆ ಒಂದು ಚುಕ್ಕೆ, ಅಲ್ಲಿ ಅದೇ ಒಂದು ಕೆಳಗೆ. ನಮಸ್ಕಾರ.