ಪರದೆ ಮುಚ್ಚಿದಾಗ ಮಾತು

ಕೇಳುಗರಿಗೆ ನಮಸ್ಕಾರ. ಶಾಲೆಯ ನಾಟಕದಲ್ಲಿ ಪರದೆಯ ಹಿಂದೆ ಸಿಂಹಾಸನ ಎಳೆಯುತ್ತಿರುವಾಗ ಪರದೆಯ ಮುಂದೆ ನಿಂತ ನಿರೂಪಕನು ಆಡುವ ನಾಲ್ಕು ಸಾಲುಗಳ ಬಗ್ಗೆ ಇಂದು ಮಾತನಾಡುತ್ತೇನೆ.

ಕಿತ್ತೂರು ಚೆನ್ನಮ್ಮನ ಕಥೆಯನ್ನು ನಮ್ಮ ಮಕ್ಕಳಿಂದ ಆಡಿಸಿದಾಗ ದರ್ಬಾರಿನ ದೃಶ್ಯದಿಂದ ಬೈಲಹೊಂಗಲದ ಸೆರೆಗೆ ಹೋಗಬೇಕಿತ್ತು. ಸಿಂಹಾಸನವೂ ಎರಡು ಕಂಬಗಳೂ ಹೊರಗೆ ಹೋಗಿ, ಕಿಟಕಿಯಿರುವ ಒಂದು ಗೋಡೆ ಒಳಗೆ ಬರಬೇಕು. ಗಡಿಯಾರ ಹಿಡಿದು ಮೂರು ಸಲ ಮಾಡಿಸಿದೆವು. ಹೆಚ್ಚೆಂದರೆ 45 ಸೆಕೆಂಡು ಹಿಡಿಯಿತು. ಬರೆಯುವವರು ಸರಾಸರಿಯನ್ನಲ್ಲ, ಈ ಹೆಚ್ಚಿನ ಹೊತ್ತನ್ನೇ ಲೆಕ್ಕಕ್ಕೆ ಹಿಡಿಯಬೇಕು. ಮಕ್ಕಳು ನಿಧಾನವಾಗಿ, ಬಿಡಿಸಿ ಹೇಳಿದರೆ ಒಂದು ಪದಕ್ಕೆ ಹೆಚ್ಚುಕಡಿಮೆ ಒಂದು ಸೆಕೆಂಡು ಎಂಬುದು ನನ್ನ ಅಂದಾಜು.

ಮೊದಲ ಹತ್ತು ಸೆಕೆಂಡಿನಲ್ಲಿ ಸಿಂಹಾಸನದ ಕಾಲು ಹಲಗೆಯ ಮೇಲೆ ಕಿರುಗುಟ್ಟುತ್ತದೆ. ಆ ಸದ್ದಿನಲ್ಲಿ ಇಸವಿಯನ್ನೋ ಊರಿನ ಹೆಸರನ್ನೋ ಹೇಳಿದರೆ ಹಿಂದಿನ ಸಾಲಿನವರಿಗೆ ಕೇಳಿಸದು. ಆದ್ದರಿಂದ ಮೊದಲ ವಾಕ್ಯ ಮುಗಿದ ದೃಶ್ಯವನ್ನೇ ನೆನೆಯಲಿ: "ಥ್ಯಾಕರೆ ಬಿದ್ದ ಸುದ್ದಿ ಊರೂರಿಗೆ ಹರಡಿತು, ಕಿತ್ತೂರಿನ ಮನೆಮನೆಯಲ್ಲೂ ಗೆಲುವಿನದೇ ಮಾತು." ಸದ್ದು ಇಳಿದ ಮೇಲೆ ತಿಳಿಯಲೇಬೇಕಾದ ಸಂಗತಿ ಬರಲಿ: "1824ರ ಡಿಸೆಂಬರ್ ತಿಂಗಳಲ್ಲಿ ಕಂಪನಿಯ ಸೈನ್ಯ ಇನ್ನೂ ದೊಡ್ಡದಾಗಿ ಮರಳಿ ಬಂದು ಕೋಟೆಗೆ ಮುತ್ತಿಗೆ ಹಾಕಿತು. ಕೋಟೆ ಬಿತ್ತು, ರಾಣಿ ಸೆರೆಯಾದಳು."

ಇದರ ಮುಂದೆ ಎರಡು ಬಿಡು ವಾಕ್ಯಗಳು: "ದರ್ಬಾರಿನ ದೀಪ ಹಚ್ಚುವವರೇ ಇಲ್ಲವಾದರು. ಅರಮನೆಯ ಅಂಗಳದಲ್ಲಿ ಕಂಪನಿಯ ಸಿಪಾಯಿಗಳ ಕಾವಲು ಬಿತ್ತು." ಒಳಗಿನ ಕೆಲಸ ಬೇಗ ಮುಗಿದರೆ ಇವನ್ನು ಬಿಡಬಹುದು, ತಡವಾದರೆ ಸಾವಕಾಶವಾಗಿ ಹೇಳಬಹುದು, ಎರಡೂ ರೀತಿಯಲ್ಲಿ ಕಥೆಯ ಎಳೆ ಕಡಿಯುವುದಿಲ್ಲ. ಈ ಬಿಡು ವಾಕ್ಯಗಳನ್ನು ನಾನು ಕಲಿತದ್ದು ಪೆಟ್ಟು ತಿಂದು. ಒಮ್ಮೆ ಕಂಬದ ಬುಡ ಪರದೆಯ ಅಂಚಿಗೆ ಸಿಕ್ಕಿಕೊಂಡಿತು. ನಿರೂಪಕಿಯ ಮಾತು ಮುಗಿದುಹೋಯಿತು, ಪರದೆ ಎಳೆಯುವ ಹುಡುಗ ಕೊನೆಯ ಪದವನ್ನೇ ಸನ್ನೆಯೆಂದು ತಿಳಿದು ಹಗ್ಗ ಎಳೆದ. ಸೆರೆಮನೆಯ ನಡುವೆ ಕಂಬ ಹೊತ್ತ ಇಬ್ಬರು ಮಕ್ಕಳು ಬೆಳಕಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದರು. ಆ ಮುಖಗಳು ಇಂದಿಗೂ ನನ್ನ ಕಣ್ಣಿಗೆ ಕಟ್ಟಿವೆ.

ಅಂದಿನಿಂದ ಕೊನೆಯ ಸಾಲನ್ನು ಬೇರೆಯಾಗಿಯೇ ಬರೆಯುತ್ತೇನೆ. ಅದು ಚಿಕ್ಕದಿರಬೇಕು, ಜಾಗವನ್ನಷ್ಟೇ ಹೇಳಬೇಕು. "ಈಗ ರಾಣಿ ಕಣ್ಣೀರಿಡುವುದನ್ನು ನೋಡೋಣ" ಎಂದರೆ ಪಾತ್ರಧಾರಿ ಮಾಡಬೇಕಾದದ್ದನ್ನು ನಾವೇ ಕಸಿದುಕೊಂಡಂತೆ. ಪಕ್ಕದ ಪರದೆಯ ಮರೆಯಿಂದ ಟಾರ್ಚ್ ಒಮ್ಮೆ ಮಿನುಗುವವರೆಗೆ ಈ ಸಾಲು ಬಾಯಿಂದ ಹೊರಡಕೂಡದು. ನಿರೂಪಕಿ ಆ ಬೆಳಕು ಕಾಣುವಂತೆ ಅರ್ಧ ತಿರುಗಿ ನಿಲ್ಲುತ್ತಾಳೆ. ಟಾರ್ಚ್ ಮಿನುಗುತ್ತದೆ, ಅವಳು ಸಭೆಯತ್ತ ಮುಖ ಮಾಡಿ ಹೇಳುತ್ತಾಳೆ: "ಇದು ಬೈಲಹೊಂಗಲದ ಕೋಟೆ."