ಪ್ರಸ್ತಾವನೆ ಪತ್ರದ ಆದಾಯದ ಕಾಲಂ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ನಾನು ವಿಮೆಗೆ ಸಂಬಂಧಿಸಿದ ಒಂದೇ ಒಂದು ಕಾಗದದ ಬಗ್ಗೆ ಮಾತನಾಡುತ್ತೇನೆ. ಅದು ಪ್ರಸ್ತಾವನೆ ಪತ್ರ, ಅಂದರೆ ವಿಮೆ ಕೊಳ್ಳುವಾಗ ತುಂಬಿಕೊಡುವ ಅರ್ಜಿ. ಬ್ಯಾಂಕುಗಳಲ್ಲಿ ಅದನ್ನು ಪ್ರಪೋಸಲ್ ಫಾರಂ ಎನ್ನುತ್ತಾರೆ. ಜೀವ ವಿಮಾ ಕಂಪನಿಯಲ್ಲಿ ಇಂಥ ಅರ್ಜಿಗಳನ್ನು ಪರಿಶೀಲಿಸುವುದೇ ನನ್ನ ಉದ್ಯೋಗವಾಗಿತ್ತು. ನಿವೃತ್ತನಾದ ಮೇಲೆ, ಮೋಸ ಹೋದ ಹಿರಿಯರಿಗೆ ದೂರು ಬರೆದುಕೊಡುವ ಕೆಲಸ ಮಾಡುತ್ತಿದ್ದೇನೆ. ಹಿರಿಯರಿಗೆ ಬೇಡದ ಪಾಲಿಸಿಯನ್ನು ಮಾರುವ ಅನ್ಯಾಯದ ಗುರುತು ಬಹುತೇಕ ಈ ಕಾಗದದ ಮೇಲೆಯೇ ಇರುತ್ತದೆ. ಆದರೆ ಅದನ್ನು ತೆರೆದು ನೋಡುವವರೇ ಇಲ್ಲ.

ನೀವು ಮನೆಯಲ್ಲಿ ಕುಳಿತು ಕೇಳುತ್ತಿರುವ ಅಜ್ಜ ಅಜ್ಜಿಯಂದಿರಾಗಿರಬಹುದು, ಊರಿನಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಬೆಂಗಳೂರಿನಲ್ಲಿ ಕೆಲಸ ಮಾಡುವ ಮಕ್ಕಳಾಗಿರಬಹುದು, ಬ್ಯಾಂಕಿನ ಕೌಂಟರಿನ ಆಚೆ ಕೂರುವ ಅಧಿಕಾರಿಯೇ ಆಗಿರಬಹುದು. ಮೂವರಿಗೂ ನಾನು ಹೇಳುವುದು ಒಂದೇ. ಪ್ರಸ್ತಾವನೆ ಪತ್ರವನ್ನು ಓದಿ.

ನಾನು ದೂರು ಬರೆದುಕೊಟ್ಟ ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಹಾಸನ ಕಡೆಯ ಒಬ್ಬ ನಿವೃತ್ತ ಶಿಕ್ಷಕಿ. ವಯಸ್ಸು 71. ಪತಿ ತೀರಿಕೊಂಡಿದ್ದಾರೆ, ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ತಿಂಗಳಿಗೆ 24,000 ರೂಪಾಯಿ ಪಿಂಚಣಿ. 2023ರ ಮಾರ್ಚ್‌ನಲ್ಲಿ ಅವರ 5 ಲಕ್ಷ ರೂಪಾಯಿಯ ಠೇವಣಿಯ ಅವಧಿ ಮುಗಿಯಿತು. ಅದನ್ನು ನವೀಕರಿಸಲು ಬ್ಯಾಂಕಿಗೆ ಹೋದರು. ಅಲ್ಲಿಯ ಅಧಿಕಾರಿ ಕುರ್ಚಿ ಕೊಟ್ಟು, ನೀರು ತರಿಸಿ, “ಟೀಚರ್, ಎಫ್.ಡಿ.ಗಿಂತ ಒಳ್ಳೆಯದೊಂದು ಬಂದಿದೆ, ಐದು ವರ್ಷಕ್ಕೆ ಹಾಕೋಣ” ಎಂದರು. ಟೀಚರ್ ಅದನ್ನು ಐದು ವರ್ಷದ ಠೇವಣಿ ಎಂದುಕೊಂಡರು. ಅಧಿಕಾರಿಯ ಮನಸ್ಸಿನಲ್ಲಿದ್ದದ್ದು ಐದು ವರ್ಷ, ಪ್ರತಿ ವರ್ಷವೂ 5 ಲಕ್ಷ ಕಟ್ಟಬೇಕಾದ ಜೀವ ವಿಮಾ ಪಾಲಿಸಿ. ಹಣ ಕೈಗೆ ಬರುವುದು ಹದಿನೈದು ವರ್ಷಗಳ ನಂತರ, ಅಂದರೆ ಅವರಿಗೆ 86 ತುಂಬಿದಾಗ.

ಲಾಭದ ಅಂದಾಜು ತೋರಿಸುವ ಒಂದು ಹಾಳೆ ಇರುತ್ತದೆ. ಬೋನಸ್ ಕೊಡುವ ಪಾಲಿಸಿಗಳಲ್ಲಿ ಹೂಡಿಕೆಗೆ ಶೇಕಡಾ 4ರಂತೆ ಗಳಿಕೆ ಬಂದರೆ ಎಷ್ಟು, ಶೇಕಡಾ 8ರಂತೆ ಬಂದರೆ ಎಷ್ಟು ಎಂದು ಎರಡು ಲೆಕ್ಕಗಳನ್ನು ಅದರಲ್ಲಿ ಕೊಟ್ಟಿರುತ್ತಾರೆ. ಎರಡೂ ಬರೀ ಅಂದಾಜು, ಯಾವುದಕ್ಕೂ ಖಾತರಿ ಇಲ್ಲ. ಅಧಿಕಾರಿ 8ರ ಕಾಲಂನ ಕೊನೆಯ ಮೊತ್ತಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿ, “ಇದು ನಿಮ್ಮದು” ಎಂದರು. ಟೀಚರ್ ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದರು. ಮಗ ಯುಗಾದಿಗೆ ಬಂದಾಗ ಅವನಿಂದಲೂ ಸಹಿ ಪಡೆದರು. “ನಾಮಿನಿ ಸಹಿ” ಎಂದು ಅವನಿಗೆ ಹೇಳಲಾಗಿತ್ತು. ಪಾಲಿಸಿಯ ಕಾಗದಗಳು ಅಂಚೆಯಲ್ಲಿ ಬಂದವು. ಟೀಚರ್ ಲಕೋಟೆಯನ್ನು ಹಾಗೆಯೇ ಠೇವಣಿ ರಸೀದಿಗಳ ಜೊತೆ ಬೀರುವಿನಲ್ಲಿ ಇಟ್ಟರು.

ಮರುವರ್ಷ ಮಾರ್ಚ್‌ನಲ್ಲಿ ಮನೆಗೆ ಪತ್ರ ಬಂತು. ಎರಡನೆಯ ಕಂತು 5 ಲಕ್ಷ ಕಟ್ಟಿ ಎಂದು ಅದರಲ್ಲಿತ್ತು. ಅವರ ಇಡೀ ವರ್ಷದ ಪಿಂಚಣಿ 2,88,000. ಊಟ, ಔಷಧಿ ಎಲ್ಲವನ್ನೂ ಬಿಟ್ಟರೂ ಆ ಕಂತು ತುಂಬುವುದಿಲ್ಲ. ಬ್ಯಾಂಕಿಗೆ ಹೋದರೆ ಆ ಅಧಿಕಾರಿ ಬೇರೆ ಶಾಖೆಗೆ ವರ್ಗವಾಗಿದ್ದರು. ಹೊಸಬರು ಹೇಳಿದ ಮಾತು, “ಸಹಿ ನಿಮ್ಮದೇ ಅಲ್ಲವೇ ಮೇಡಂ?” ಈ ಮಾತನ್ನು ನಾನು ಎಷ್ಟು ಬಾರಿ ಕೇಳಿದ್ದೇನೋ! ಪ್ರತಿ ಸಲವೂ ಸಿಟ್ಟು ಬರುತ್ತದೆ. ಸಹಿ ಅವರದೇ, ನಿಜ. ಸಹಿಯ ಮೇಲಿನ ಬರಹ ಯಾರದು?

ಲಕೋಟೆ ತೆರೆಸಿದೆ. ಪಾಲಿಸಿಯ ಜೊತೆ ಪ್ರಸ್ತಾವನೆ ಪತ್ರದ ನಕಲನ್ನು ಕಂಪನಿ ಕಳುಹಿಸಲೇಬೇಕು, ಇಲ್ಲಿಯೂ ಕಳುಹಿಸಿತ್ತು. ಉದ್ಯೋಗದ ಕಾಲಂನಲ್ಲಿ “ವ್ಯಾಪಾರ” ಎಂದಿತ್ತು. ಟೀಚರ್ ಜೀವನದಲ್ಲಿ ಒಂದು ದಿನವೂ ವ್ಯಾಪಾರ ಮಾಡಿದವರಲ್ಲ. ವಾರ್ಷಿಕ ಆದಾಯ 15 ಲಕ್ಷ ಎಂದು ಬರೆದಿತ್ತು. ಮೊಬೈಲ್ ಸಂಖ್ಯೆ ಅವರದಲ್ಲ. ಮಗ ಆ ಸಂಖ್ಯೆಗೆ ಕರೆ ಮಾಡಿದರೆ ಎತ್ತಿದ್ದು ವಿಮೆ ಮಾರುವ ಇನ್ನೊಬ್ಬ ನೌಕರ. ಅತ್ಯಂತ ಕ್ರೂರವಾದದ್ದು ಇನ್ನೊಂದು ಸಾಲಿನಲ್ಲಿತ್ತು. 71ರ ವಯಸ್ಸಿನವರಿಗೆ ಆ ಪಾಲಿಸಿ ಕೊಡಲು ಬರುವುದಿಲ್ಲ. ಹಾಗಾಗಿ ಹಣ ಕಟ್ಟುವವರು ತಾಯಿ, ವಿಮೆ ಇದ್ದದ್ದು ಮಗನ ಜೀವಕ್ಕೆ. ನಾಮಿನಿ ಸಹಿ ಎಂದು ಹಾಕಿಸಿಕೊಂಡದ್ದು ಅದಕ್ಕೇ. ಟೀಚರ್ ನಾಳೆ ತೀರಿಕೊಂಡರೂ ಆ ಪಾಲಿಸಿಯಿಂದ ಮರಣದ ಪರಿಹಾರವೆಂದು ಒಂದು ರೂಪಾಯಿಯೂ ಬರುವುದಿಲ್ಲ.

ಈ ಸುಳ್ಳುಗಳು ಕೈತಪ್ಪಿ ಬಂದವಲ್ಲ, ಒಂದೊಂದಕ್ಕೂ ಕೆಲಸವಿದೆ. ಪಿಂಚಣಿ 2,88,000 ಎಂದು ನಿಜ ಬರೆದಿದ್ದರೆ 5 ಲಕ್ಷದ ಕಂತಿನ ಅರ್ಜಿಯನ್ನು ನನ್ನಂಥ ಪರಿಶೀಲಕ ತಿರಸ್ಕರಿಸುತ್ತಿದ್ದ. ಅದಕ್ಕಾಗಿ ಆದಾಯವನ್ನು 15 ಲಕ್ಷ ಮಾಡಿದರು. ಪಾಲಿಸಿ ಕೊಡುವ ಮೊದಲು ಕಂಪನಿಯಿಂದ “ಇದು ಪ್ರತಿ ವರ್ಷ ಕಟ್ಟುವ ವಿಮೆ, ಗೊತ್ತೇ?” ಎಂದು ದೃಢೀಕರಣದ ಕರೆ ಬರುತ್ತದೆ. ಆ ಕರೆ ಟೀಚರ್‌ಗೆ ಮುಟ್ಟದಿರಲಿ ಎಂದು ಮೊಬೈಲ್ ಸಂಖ್ಯೆ ಬದಲಿಸಿದರು. ಕರೆಯ ಧ್ವನಿಮುದ್ರಣವನ್ನು ಕೇಳಿ ಪಡೆದೆವು. ಎಲ್ಲದಕ್ಕೂ “ಹೌದು, ಹೌದು” ಎನ್ನುವ ಯಾವುದೋ ಎಳೆಯ ಧ್ವನಿ ಅದರಲ್ಲಿತ್ತು.

ಒಂದೇ ಸಲ ಕಟ್ಟುವ ಪಾಲಿಸಿಯನ್ನಾದರೂ ಕೊಡಬಹುದಿತ್ತಲ್ಲ, ವರ್ಷ ವರ್ಷ ಕಟ್ಟುವುದನ್ನೇ ಏಕೆ ಕೊಟ್ಟರು ಎಂದು ನೀವು ಕೇಳಬಹುದು. ಉತ್ತರ ಮಾರಾಟದ ಗುರಿಯ ಲೆಕ್ಕದಲ್ಲಿದೆ. ವಿಮಾ ವ್ಯವಹಾರದಲ್ಲಿ ಒಂದೇ ಕಂತಿನ ಹಣವನ್ನು ಸಾಮಾನ್ಯವಾಗಿ ಹತ್ತನೆಯ ಒಂದು ಭಾಗವಾಗಿ ಮಾತ್ರ ಗುರಿಗೆ ಹಿಡಿಯುತ್ತಾರೆ. ಅದೇ 5 ಲಕ್ಷವನ್ನು ಒಂದೇ ಕಂತು ಎಂದರೆ ಗುರಿಗೆ ಸೇರುವುದು 50,000. ವಾರ್ಷಿಕ ಕಂತು ಎಂದರೆ ಪೂರ್ತಿ 5 ಲಕ್ಷ. ಕಮಿಷನ್ ಕೂಡ ಹಾಗೆಯೇ, ಒಂದೇ ಕಂತಿಗೆ ಅತ್ಯಲ್ಪ, ವಾರ್ಷಿಕ ಕಂತಿನ ಮೊದಲ ವರ್ಷಕ್ಕೆ ಅದರ ಎಷ್ಟೋ ಪಟ್ಟು. ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ, ಮೇಲಿನವರು ದಿನಕ್ಕೆ ಎರಡು ಸಲ ಕರೆ ಮಾಡಿ “ಎಷ್ಟಾಯಿತು?” ಎಂದು ಕೇಳುವಾಗ, ಠೇವಣಿ ನವೀಕರಿಸಲು ಬಂದ ಒಂಟಿ ವೃದ್ಧೆಯೇ ಇವರ ಕಣ್ಣಿಗೆ ಬೀಳುತ್ತಾರೆ.

ಬ್ಯಾಂಕ್ ನೌಕರರಿಗೆ ಒತ್ತಡವಿದೆ, ಅದನ್ನು ನಾನು ಬಲ್ಲೆ. ಆದರೆ ಗುರಿ ಕೊಟ್ಟವರು ಯಾರೇ ಇರಲಿ, ಆದಾಯದ ಕಾಲಂನಲ್ಲಿ 15 ಲಕ್ಷ ಎಂದು ಬರೆದದ್ದು ನಿಮ್ಮ ಕೈ. ಬ್ಯಾಂಕಿನಲ್ಲಿ ವಿಮೆ ಮಾರಲು ಎಲ್ಲರಿಗೂ ಅಧಿಕಾರವಿಲ್ಲ. ತರಬೇತಿ ಪಡೆದು, ಪರೀಕ್ಷೆ ಬರೆದು, ಪ್ರಮಾಣಪತ್ರ ಹೊಂದಿದವರು ಮಾತ್ರ ಮಾರಬೇಕು. ಅವರಿಗೆ ವಿಮಾ ನಿಯಂತ್ರಣ ಪ್ರಾಧಿಕಾರ ವಿಧಿಸಿದ ನಡತೆಯ ನಿಯಮಗಳಿವೆ. ಗ್ರಾಹಕರ ಅಗತ್ಯವನ್ನು ನೋಡಿಯೇ ಪಾಲಿಸಿ ಸೂಚಿಸಬೇಕು. ಕೇಳಿದರೆ ಕಮಿಷನ್ ಎಷ್ಟೆಂದು ಹೇಳಬೇಕು. ಗ್ರಾಹಕರು ಹೇಳಿದ ಆದಾಯ ಹೊಂದಿಕೆಯಾಗದಿದ್ದರೆ ಅದನ್ನು ಕಂಪನಿಗೆ ತಿಳಿಸುವುದೂ ಅವರದೇ ಕರ್ತವ್ಯ. ಸುಳ್ಳು ಆದಾಯವನ್ನು ಹಿಡಿದುಕೊಡಬೇಕಾದವರೇ ಅದನ್ನು ಬರೆದರೆ ಅದು ಮಾರಾಟದ ಉತ್ಸಾಹ ಅಲ್ಲ, ವೃತ್ತಿದ್ರೋಹ. ಈ ಹೆಸರಿನಿಂದಲೇ ಅದನ್ನು ಕರೆಯಬೇಕು. “ಗ್ರಾಹಕರಿಗೆ ತಪ್ಪು ತಿಳಿವಳಿಕೆ ಆಗಿದೆ” ಎಂದು ಕಂಪನಿಗಳು ಬರೆಯುವ ಉತ್ತರವನ್ನು ನಾನು ಒಪ್ಪುವುದಿಲ್ಲ. ಟೀಚರ್‌ಗೆ ತಿಳಿವಳಿಕೆ ಇತ್ತು. ಅವರಿಗೆ ಸುಳ್ಳು ಹೇಳಲಾಗಿತ್ತು.

ಟೀಚರ್ ಹಣ ಏನಾಯಿತು? ಆಗಿನ ನಿಯಮದಂತೆ ಎರಡು ವರ್ಷ ಕಟ್ಟದೆ ಅಂಥ ಪಾಲಿಸಿ ಬಿಟ್ಟರೆ ಏನೂ ಸಿಗುತ್ತಿರಲಿಲ್ಲ. 2024ರ ಅಕ್ಟೋಬರ್ ನಂತರದ ಪಾಲಿಸಿಗಳಲ್ಲಿ ಒಂದು ವರ್ಷದ ಕಂತು ಕಟ್ಟಿದ್ದರೂ ಒಂದಿಷ್ಟು ಹಿಂದೆ ಬರುತ್ತದೆ, ಕಟ್ಟಿದಷ್ಟು ಬರುವುದಿಲ್ಲ. ನಾವು ಕಂಪನಿಗೆ ದೂರು ಕೊಟ್ಟೆವು. ಅವರು ನಿರಾಕರಿಸಿದರು. ವಿಮಾ ಗ್ರಾಹಕರ ದೂರುಗಳನ್ನು ವಿಚಾರಿಸಿ ಆದೇಶ ಕೊಡುವ ವಿಮಾ ಒಂಬುಡ್ಸ್‌ಮನ್ ಬಳಿ ಹೋದೆವು. ಪ್ರಸ್ತಾವನೆ ಪತ್ರದ ಪಕ್ಕದಲ್ಲಿ ಪಿಂಚಣಿ ಪಾವತಿಯ ಆದೇಶವನ್ನು ಇಟ್ಟೆವು. ವಾದಕ್ಕೆ ಹೆಚ್ಚೇನೂ ಬೇಕಾಗಲಿಲ್ಲ. ಪಾಲಿಸಿ ರದ್ದುಮಾಡಿ 5 ಲಕ್ಷ ಹಿಂದಿರುಗಿಸಿ ಎಂದು ಆದೇಶವಾಯಿತು.

ಸಮಯ ಮುಗಿಯುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಪಾಲಿಸಿಯ ಕಾಗದ ಕೈಗೆ ಬಂದ ದಿನದಿಂದ 30 ದಿನಗಳೊಳಗೆ ಕಾರಣ ಹೇಳದೆಯೇ ಅದನ್ನು ಹಿಂದಿರುಗಿಸಬಹುದು. ಸ್ವಲ್ಪ ಖರ್ಚು ಕಳೆದು ಹಣ ಬರುತ್ತದೆ. ಮೊದಲು ಇದು ಬಹುತೇಕ ಪಾಲಿಸಿಗಳಿಗೆ 15 ದಿನವಿತ್ತು, 2024ರಿಂದ 30 ದಿನವಾಗಿದೆ. ಆದ್ದರಿಂದ ಮಕ್ಕಳೇ, ಊರಿಗೆ ಹೋದಾಗ ಅಪ್ಪ ಅಮ್ಮನ ಬೀರುವಿನಲ್ಲಿ ತೆರೆಯದ ಲಕೋಟೆ ಇದೆಯೇ ನೋಡಿ. ಇದ್ದರೆ ಪ್ರಸ್ತಾವನೆ ಪತ್ರವನ್ನೇ ಮೊದಲು ತೆಗೆಯಿರಿ. ಉದ್ಯೋಗ, ಆದಾಯ, ಮೊಬೈಲ್ ಸಂಖ್ಯೆ, ಯಾರ ಜೀವಕ್ಕೆ ವಿಮೆ, ಎಷ್ಟು ವರ್ಷ ಕಂತು, ಇಷ್ಟನ್ನು ಅವರ ಮುಂದೆ ಗಟ್ಟಿಯಾಗಿ ಓದಿ.

30 ದಿನ ಕಳೆದಿದ್ದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಒಂಬುಡ್ಸ್‌ಮನ್‌ಗೆ ಬರೆಯಿರಿ. ನಮ್ಮ ರಾಜ್ಯದವರಿಗೆ ಆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ವಿಮಾ ಪ್ರಾಧಿಕಾರದ ಬಿಮಾ ಭರೋಸಾ ಸಹಾಯವಾಣಿ 155255.

ಇನ್ನೊಂದು ಮಾತು. ಟೀಚರ್‌ಗೆ ಹಣ ಬಂತು, ಆ ಅಧಿಕಾರಿಗೆ ಏನೂ ಆಗಲಿಲ್ಲ. ದೂರಿನಲ್ಲಿ ನಾವು ಹಣವನ್ನು ಮಾತ್ರ ಕೇಳಿದ್ದೆವು, ಈಗ ನಾನು ಬರೆಯುವ ಪ್ರತಿ ದೂರಿನಲ್ಲೂ ಎರಡನೆಯ ಬೇಡಿಕೆ ಇರುತ್ತದೆ. ಪ್ರಸ್ತಾವನೆ ಪತ್ರದಲ್ಲಿ ವಿಮೆ ಮಾರಿದವರ ಹೆಸರು, ಪ್ರಮಾಣಪತ್ರದ ಸಂಖ್ಯೆ ಇರುತ್ತವೆ. ಕೆಲವೊಮ್ಮೆ ನಿಮ್ಮೊಡನೆ ಮಾತನಾಡಿದವರು ಒಬ್ಬರು, ಅಲ್ಲಿರುವ ಹೆಸರು ಇನ್ನೊಬ್ಬರದು. ಅದೂ ನಿಯಮಭಂಗವೇ, ಅದನ್ನೂ ಬರೆಯಿರಿ. ತನ್ನ ಪರವಾಗಿ ವಿಮೆ ಮಾರುವವರ ಎಲ್ಲ ಕೃತ್ಯಗಳಿಗೂ ಬ್ಯಾಂಕ್ ಹೊಣೆ ಎಂದು ನಿಯಮ ಹೇಳುತ್ತದೆ. ಹಾಗಾಗಿ ಬ್ಯಾಂಕಿನ ಮುಖ್ಯ ಕಚೇರಿಗೂ ಪ್ರಾಧಿಕಾರಕ್ಕೂ ದೂರಿನ ಪ್ರತಿ ಕಳುಹಿಸಿ, “ಸುಳ್ಳು ಆದಾಯ ಬರೆದ ಈ ಪ್ರಮಾಣಪತ್ರದಾರರ ಮೇಲೆ ಕೈಗೊಂಡ ಕ್ರಮವನ್ನು ನನಗೆ ಲಿಖಿತವಾಗಿ ತಿಳಿಸಿ” ಎಂದು ಕೇಳಿ. ನಮಸ್ಕಾರ.