ಬಾರದವರ ಸೊನ್ನೆ

ಮಂಡ್ಯದ ಹೈಸ್ಕೂಲು ಮೇಷ್ಟ್ರುಗಳಿಗೆ, ಮೇಡಂಗಳಿಗೆ ನಮಸ್ಕಾರ.

ಹೋದ ವರ್ಷ ಇಲ್ಲೇ ಒಂದು ಆಶುಭಾಷಣ ಸ್ಪರ್ಧೆಯ ಅಂಕಗಳನ್ನು ಸ್ಪ್ರೆಡ್‌ಶೀಟ್‌ನಲ್ಲಿ ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ತೀರ್ಪುಗಾರರು ಇಬ್ಬರು. ಮೊದಲನೆಯವರು ಐದು ಮಕ್ಕಳಿಗೆ ಕೊಟ್ಟಿದ್ದು 72, 74, 75, 78, 82. ಎರಡನೆಯವರು ಅದೇ ಮಕ್ಕಳಿಗೆ ಕೊಟ್ಟಿದ್ದು 40, 90, 60, 50, 70. ಸುಮ್ನೆ ಕೂಡಿಸಿದರೆ ಎರಡನೇ ಹುಡುಗಿಗೆ 164, ಐದನೇ ಹುಡುಗನಿಗೆ 152. ಹುಡುಗಿಗೆ ಮೊದಲ ಬಹುಮಾನ. ಆದರೆ ಇಲ್ಲಿ ನಡೆದದ್ದು ಪೂರ್ತಿ ಎರಡನೆಯವರ ಮಾತೇ. ಮೊದಲನೆಯವರ ಅಂಕಗಳು ಹತ್ತರ ಅಂತರದೊಳಗೇ ಇವೆ, ಇವರದು ಐವತ್ತರಷ್ಟು ಹರಡಿವೆ.

ಅದಕ್ಕೇ ಎರಡೂ ಕಾಲಂಗಳನ್ನು ಸೊನ್ನೆಯಿಂದ ನೂರರ ಅಳತೆಗೆ ತರುತ್ತೇವೆ. ಅಂಕದಿಂದ ಆ ಕಾಲಂನ ಕನಿಷ್ಠವನ್ನು ಕಳೆಯಿರಿ. ಬಂದದ್ದನ್ನು ಗರಿಷ್ಠ, ಕನಿಷ್ಠಗಳ ವ್ಯತ್ಯಾಸದಿಂದ ಭಾಗಿಸಿ, ನೂರರಿಂದ ಗುಣಿಸಿ. ಮೊದಲನೆಯವರ 78 ಹೀಗಾಗುತ್ತದೆ: 78ರಲ್ಲಿ 72 ಹೋದರೆ 6, ಅದನ್ನು 10ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 60. ಈಗ ಹುಡುಗಿಗೆ 20 ಮತ್ತು 100, ಒಟ್ಟು 120. ಹುಡುಗನಿಗೆ 100 ಮತ್ತು 60, ಒಟ್ಟು 160. ಬಹುಮಾನ ಕೈ ಬದಲಾಯಿತು.

ಪಟ್ಟಿಯಲ್ಲಿ ಆರನೇ ಹೆಸರೂ ಒಂದಿತ್ತು. ಆ ಮಗು ಬಂದಿರಲಿಲ್ಲ. ಯಾರೋ ಎರಡೂ ಕಾಲಂನಲ್ಲಿ 0 ಟೈಪ್ ಮಾಡಿದ್ದರು. ಅಷ್ಟಕ್ಕೇ ಕನಿಷ್ಠ 72ರಿಂದ ಸೊನ್ನೆಗೆ ಇಳಿಯಿತು. ಮೊದಲನೆಯವರ 72 ಈಗ ಸುಮಾರು 88, 78 ಸುಮಾರು 95. ಅವರ ಕಾಲಂನಲ್ಲಿ ಐದೂ ಮಕ್ಕಳು ಮೇಲ್ತುದಿಯಲ್ಲಿ ಒತ್ತಿಕೊಂಡು ನಿಂತರು. ಹುಡುಗಿಗೆ 190, ಹುಡುಗನಿಗೆ 178. ಬಹುಮಾನ ವಾಪಸ್ ಹುಡುಗಿಗೆ! ಸ್ಪರ್ಧೆಗೇ ಬಾರದ ಮಗು ಬಹುಮಾನ ಯಾರಿಗೆ ಅಂತ ತೀರ್ಮಾನಿಸಿತು.

ಬಾರದವರ ಜಾಗವನ್ನು ಖಾಲಿ ಬಿಡಿ. ಕನಿಷ್ಠ ಹುಡುಕುವ `MIN` ಖಾಲಿ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಕಳೆಯುವಾಗ ಅದೇ ಖಾಲಿ ಜಾಗ ಸೊನ್ನೆಯಾಗುತ್ತದೆ, ಆ ಸಾಲಿನಲ್ಲಿ -720 ಬರುತ್ತದೆ. ಮೈನಸ್ ಕಂಡರೆ ಕಾರಣ ಇದೇ ಇರಬೇಕು. ಹಾಗಾಗಿ, ಮೊದಲನೆಯವರ ಅಂಕಗಳು B2ರಿಂದ B7ರವರೆಗೆ ಇದ್ದರೆ, ಸೂತ್ರ ಹೀಗಿರಲಿ:

```
=IF(B2="","",(B2-MIN(B$2:B$7))/(MAX(B$2:B$7)-MIN(B$2:B$7))*100)
```

ಡಾಲರ್ ಚಿಹ್ನೆ ಮರೆಯಬೇಡಿ. ಅದಿಲ್ಲದೆ ಕೆಳಗೆ ಎಳೆದರೆ ಸಾಲಿಗೊಂದು ಕನಿಷ್ಠ, ಸಾಲಿಗೊಂದು ಗರಿಷ್ಠ ಆಗುತ್ತದೆ. ಅಂಕಗಳು ಬೇರೆ ಬೇರೆ ಇದ್ದರೂ ಹಲವರಿಗೆ 0 ಬಂದು, ಕೊನೆಯ ಅಂಕದ ಎದುರು `#DIV/0!` ಕಂಡರೆ ಇದೇ ತಪ್ಪು.

ಒಂದು ಮಾತು ಮಾತ್ರ ನನ್ನನ್ನು ಇನ್ನೂ ಕಾಡುತ್ತದೆ. ಮೊದಲನೆಯವರ ಒಂದೊಂದು ಅಂಕವೂ ಇಲ್ಲಿ ಹತ್ತಾಗಿ ಹಿಗ್ಗಿತು. ಅವರಿಗೆ ಐವರೂ ಹೆಚ್ಚುಕಮ್ಮಿ ಒಂದೇ ಅಂತ ಅನ್ನಿಸಿದ್ದರೆ, ಇಲ್ಲದ ಅಂತರವನ್ನು ನಾವೇ ಹುಟ್ಟಿಸಿದ ಹಾಗೆ. ಅದು ಸೂತ್ರಕ್ಕೆ ಗೊತ್ತಾಗುವುದಿಲ್ಲ. ಅದಕ್ಕೇ ಅವರನ್ನೇ ಹೋಗಿ ಕೇಳಿದೆ. "ಐದನೆಯವನು ಎದ್ದು ಕಂಡ ಮೇಷ್ಟ್ರೇ, ನಾನು ಯಾರಿಗೂ ಎಂಬತ್ತು ದಾಟಿಸೋದೇ ಇಲ್ಲ, ಅವನಿಗೆ ದಾಟಿಸಿದೆ" ಅಂದರು. ಆಮೇಲೆಯೇ ಫಲಿತಾಂಶ ಬರೆದೆ.